ಹದಿನೈದು ಪೈಸೆ ಎಂಬ ತಪ್ಪು ಲೆಕ್ಕ

ಹಣಕಾಸು ಆಯೋಗದ ಪಾಠ ಶುರು ಮಾಡುವ ಮೊದಲು ನಾನು ಪ್ರತಿ ವರ್ಷ ತರಗತಿಗೆ ಒಂದು ಪ್ರಶ್ನೆ ಹಾಕುತ್ತೇನೆ. ಕೇಂದ್ರದ ತೆರಿಗೆಯಲ್ಲಿ ಕರ್ನಾಟಕಕ್ಕೆ ಸಿಗುವುದೆಷ್ಟು? ಉತ್ತರ ಹಿಂದಿನ ಬೆಂಚಿನಿಂದಲೂ ತಟ್ಟನೆ ಬರುತ್ತದೆ: 'ನಾವು ಒಂದು ರೂಪಾಯಿ ಕೊಟ್ರೆ ಹದಿನೈದು ಪೈಸೆ ವಾಪಸ್ ಬರುತ್ತೆ ಸರ್.' ಕೆಲವರು ಹದಿಮೂರು ಪೈಸೆ ಎನ್ನುತ್ತಾರೆ. ಈ ಲೆಕ್ಕ ಎಲ್ಲಿಂದ ಬಂತು, ಯಾರು ಮಾಡಿದ್ದು ಎಂದು ಕೇಳಿದರೆ ಮಾತ್ರ ತರಗತಿ ಮೌನವಾಗುತ್ತದೆ.

ಮಕ್ಕಳನ್ನು ದೂರಿ ಫಲವಿಲ್ಲ. 2024ರ ಫೆಬ್ರವರಿಯಲ್ಲಿ ರಾಜ್ಯದ ಮುಖ್ಯಮಂತ್ರಿ ಮತ್ತು ಮಂತ್ರಿಗಳು ದಿಲ್ಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕೂತಾಗ 'ನನ್ನ ತೆರಿಗೆ ನನ್ನ ಹಕ್ಕು' ಎಂಬ ಘೋಷಣೆ ಮನೆಮನೆಗೂ ತಲುಪಿತು. ಅಂದಿನಿಂದ ಹದಿನೈದು ಪೈಸೆಯ ಮಾತು ಕನ್ನಡಿಗರಲ್ಲಿ ಪ್ರಶ್ನಿಸಬಾರದ ಸತ್ಯದಂತೆ ಕೂತುಬಿಟ್ಟಿದೆ. ಪ್ರಶ್ನಿಸಿದವರು ಕನ್ನಡದ್ರೋಹಿಗಳಾಗುತ್ತಾರೆ. ಆ ಹೆಸರು ಬಂದರೂ ಸರಿ, ಹೇಳಬೇಕಾದ್ದನ್ನು ಹೇಳುತ್ತೇನೆ. ಹದಿನೈದನೇ ಹಣಕಾಸು ಆಯೋಗದಿಂದ ಕರ್ನಾಟಕಕ್ಕೆ ನಷ್ಟವಾಗಿದ್ದು ನಿಜ, ದೊಡ್ಡ ನಷ್ಟ. ಆದರೆ ಹದಿನೈದು ಪೈಸೆಯ ವಾದ ಆ ನಷ್ಟಕ್ಕೆ ತಪ್ಪು ಕಾರಣ ಕೊಡುತ್ತದೆ, ನಿಜವಾದ ಕಾರಣದಿಂದ ನಮ್ಮ ಕಣ್ಣನ್ನು ಬೇರೆಡೆಗೆ ತಿರುಗಿಸುತ್ತದೆ.

ಮೊದಲು ಆ 'ಒಂದು ರೂಪಾಯಿ'ಯನ್ನೇ ನೋಡೋಣ. ಮಂಡ್ಯದ ಒಂದು ಕಿರಾಣಿ ಅಂಗಡಿಯಲ್ಲಿ ಒಬ್ಬರು ಸೋಪು ಕೊಳ್ಳುತ್ತಾರೆ. ಸೋಪಿನ ಕಂಪನಿಯ ಪ್ರಧಾನ ಕಚೇರಿ ಮುಂಬಯಿಯಲ್ಲಿದೆ. ಮಂಡ್ಯದವರ ಹಣದಿಂದ ಬಂದ ಲಾಭದ ಮೇಲೆ ಕಂಪನಿ ಕಟ್ಟುವ ಆದಾಯ ತೆರಿಗೆ ಮಹಾರಾಷ್ಟ್ರದ ಸಂಗ್ರಹವೆಂದು ದಾಖಲಾಗುತ್ತದೆ. ಬೆಂಗಳೂರಿನಲ್ಲಿ ಕಚೇರಿ ಇಟ್ಟುಕೊಂಡ ಕಂಪನಿ ಪಾಟ್ನಾದಲ್ಲಿ ಮೊಬೈಲ್ ಮಾರಿದರೆ ಆ ಲಾಭದ ತೆರಿಗೆ ಕರ್ನಾಟಕದ ಲೆಕ್ಕಕ್ಕೆ ಸೇರುತ್ತದೆ. ಹೊರದೇಶದಿಂದ ಬಂದ ಯಂತ್ರ ತುಮಕೂರಿನ ಕಾರ್ಖಾನೆಗೆ ಹೊರಟಿದ್ದರೂ ಅದರ ಕಸ್ಟಮ್ಸ್ ಸುಂಕ ಇಳಿದ ಬಂದರಿನಲ್ಲೇ ಕಟ್ಟಿಯಾಗಿರುತ್ತದೆ. ತೆರಿಗೆ ಎಲ್ಲಿ ಕಟ್ಟಲಾಯಿತು ಎಂಬುದು ಒಂದು ಸಂಗತಿ, ಅದರ ಭಾರ ಯಾರು ಹೊತ್ತರು ಎಂಬುದು ಬೇರೆಯೇ ಸಂಗತಿ. ಹದಿನೈದು ಪೈಸೆಯ ಲೆಕ್ಕ ಇವೆರಡನ್ನೂ ಒಂದೇ ಎಂದು ಹಿಡಿದು ಮುಂದೆ ಹೋಗುತ್ತದೆ. ಅಡಿಪಾಯವೇ ಹೀಗಿದ್ದರೆ ಮೇಲೆ ಕಟ್ಟಿದ್ದು ನಿಲ್ಲುವುದಿಲ್ಲ.

ತೆರಿಗೆ ಸಂಗ್ರಹವಾದ ಜಾಗಕ್ಕೂ ಪಾಲು ಇರಬೇಕು ಎಂಬ ವಿಚಾರವನ್ನು ಈ ದೇಶ ಪರೀಕ್ಷಿಸದೆ ಬಿಟ್ಟಿದ್ದೇನಲ್ಲ. ಕೆ.ಸಿ. ನಿಯೋಗಿ ಅಧ್ಯಕ್ಷರಾಗಿದ್ದ ಮೊದಲನೇ ಆಯೋಗ ಆದಾಯ ತೆರಿಗೆಯ ಹಂಚಿಕೆಯಲ್ಲಿ ಜನಸಂಖ್ಯೆಗೆ 80 ಪಾಲು ಇಟ್ಟು, ಸಂಗ್ರಹಕ್ಕೆ 20 ಪಾಲು ಕೊಟ್ಟಿತ್ತು. ಆ ಅಳತೆ ನಾಲ್ಕು ದಶಕ ಏರಿಳಿಯುತ್ತಾ ಉಳಿದು, ಹತ್ತನೇ ಆಯೋಗದ ಹೊತ್ತಿಗೆ ಪೂರ್ತಿ ಬಿಟ್ಟುಹೋಯಿತು. ಅದರಿಂದ ಹೆಚ್ಚು ಲಾಭವಾಗುವುದು ಪ್ರಧಾನ ಕಚೇರಿಗಳು ತುಂಬಿದ ರಾಜ್ಯಕ್ಕೆ, ಎಲ್ಲಕ್ಕಿಂತ ಮೊದಲು ಮುಂಬಯಿ ಇರುವ ಮಹಾರಾಷ್ಟ್ರಕ್ಕೆ. ಅದನ್ನು ಮತ್ತೆ ತನ್ನಿ ಎನ್ನುವವರು ಇದನ್ನು ಯೋಚಿಸಿದಂತಿಲ್ಲ.

ಇನ್ನು ಸೂತ್ರಕ್ಕೆ ಬರೋಣ. ಸಂವಿಧಾನದ 280ನೇ ವಿಧಿಯಂತೆ ಹಣಕಾಸು ಆಯೋಗ ಐದು ವರ್ಷಕ್ಕೊಮ್ಮೆ ಎರಡು ಪ್ರಶ್ನೆಗೆ ಉತ್ತರ ಕೊಡಬೇಕು. ಹಂಚಬೇಕಾದ ತೆರಿಗೆಯಲ್ಲಿ ಎಲ್ಲ ರಾಜ್ಯಗಳಿಗೂ ಸೇರಿ ಎಷ್ಟು? ಆ ಮೊತ್ತದಲ್ಲಿ ಯಾವ ರಾಜ್ಯಕ್ಕೆ ಎಷ್ಟು? ಎನ್.ಕೆ. ಸಿಂಗ್ ಅಧ್ಯಕ್ಷತೆಯ ಹದಿನೈದನೇ ಆಯೋಗ, 2021ರಿಂದ 2026ರವರೆಗಿನ ವರದಿಯಲ್ಲಿ, ಮೊದಲ ಪ್ರಶ್ನೆಗೆ ಶೇ 41 ಎಂದಿತು. ಎರಡನೆಯದಕ್ಕೆ ನೂರು ಅಂಕವನ್ನು ಆರು ಅಳತೆಗೋಲುಗಳಿಗೆ ಹಂಚಿತು. ಬಡ ರಾಜ್ಯಕ್ಕೆ ಹೆಚ್ಚು ಕೊಡುವ 'ಆದಾಯ ಅಂತರ'ಕ್ಕೆ 45, 2011ರ ಜನಸಂಖ್ಯೆಗೆ 15, ವಿಸ್ತೀರ್ಣಕ್ಕೆ 15, ಜನನ ಪ್ರಮಾಣ ಇಳಿಸಿದ್ದಕ್ಕೆ 12.5, ಕಾಡಿಗೆ 10, ಸ್ವಂತ ತೆರಿಗೆ ಸಂಗ್ರಹದ ಶ್ರಮಕ್ಕೆ 2.5. ಪ್ರತಿ ಅಳತೆಯಲ್ಲೂ ಒಂದು ರಾಜ್ಯ ದೇಶದ ಮೊತ್ತದಲ್ಲಿ ನೂರಕ್ಕೆ ಎಷ್ಟು ಪಡೆಯುತ್ತದೆ ಎಂದು ಲೆಕ್ಕ ಹಾಕಿ, ಅಂಕದಿಂದ ಗುಣಿಸಿ, ಆರನ್ನೂ ಕೂಡಿ, ನೂರರಿಂದ ಭಾಗಿಸಿದರೆ ಆ ರಾಜ್ಯದ ಪಾಲು ಸಿಗುತ್ತದೆ. ಅಷ್ಟೇ. ಯಾವ ರಾಜ್ಯದಲ್ಲಿ ಕೇಂದ್ರದ ತೆರಿಗೆ ಎಷ್ಟು ಸಂಗ್ರಹವಾಯಿತು ಎಂಬ ಅಂಕಿ ಈ ಆರರಲ್ಲಿ ಎಲ್ಲೂ ಇಲ್ಲ. ಹಾಗಿದ್ದ ಮೇಲೆ 'ವಾಪಸ್' ಎಂಬ ಮಾತೇ ಇಲ್ಲಿಗೆ ಹೊಂದುವುದಿಲ್ಲ.

ಹದಿನಾಲ್ಕನೇ ಆಯೋಗದ ಕಾಲದಲ್ಲಿ ಕರ್ನಾಟಕದ ಪಾಲು ಶೇ 4.713 ಇತ್ತು. ಹದಿನೈದನೆಯದು ಅದನ್ನು 3.647ಕ್ಕೆ ಇಳಿಸಿತು. ಐದು ವರ್ಷದಲ್ಲಿ ರಾಜ್ಯಗಳಿಗೆ ಸುಮಾರು 42.2 ಲಕ್ಷ ಕೋಟಿ ರೂಪಾಯಿ ಹೋಗುತ್ತದೆ ಎಂದು ಆಯೋಗವೇ ಅಂದಾಜು ಮಾಡಿತ್ತು. ಆ ಅಂದಾಜಿನ ಮೇಲೆ ಲೆಕ್ಕ ಹಾಕಿದರೆ ಕರ್ನಾಟಕದ ನಷ್ಟ 45 ಸಾವಿರ ಕೋಟಿಯ ಆಸುಪಾಸು. ಇದು ಹೇಗಾಯಿತು ಎಂಬುದಕ್ಕೆ ಎರಡು ಜನಪ್ರಿಯ ವಿವರಣೆಗಳಿವೆ. ಜನಸಂಖ್ಯೆ ಹಿಡಿತದಲ್ಲಿಟ್ಟಿದ್ದಕ್ಕೆ ದಕ್ಷಿಣದವರಿಗೆ ಶಿಕ್ಷೆ ಎಂಬುದು ಒಂದು. ಶ್ರೀಮಂತ ರಾಜ್ಯಗಳಿಂದ ಕಿತ್ತು ಉತ್ತರಪ್ರದೇಶ, ಬಿಹಾರಕ್ಕೆ ಸುರಿದರು ಎಂಬುದು ಇನ್ನೊಂದು.

ಆಯೋಗದ ಪಟ್ಟಿಯನ್ನೇ ಪಕ್ಕದಲ್ಲಿಟ್ಟುಕೊಂಡು ಇವೆರಡನ್ನೂ ಪರೀಕ್ಷಿಸಿ. ಜನನ ಪ್ರಮಾಣ ಇಳಿಸುವುದರಲ್ಲಿ ತಮಿಳುನಾಡು ಕರ್ನಾಟಕಕ್ಕಿಂತ ಒಂದು ಹೆಜ್ಜೆ ಮುಂದಿದೆ. ಶಿಕ್ಷೆಯಾಗಿದ್ದರೆ ಮೊದಲ ಏಟು ಅದಕ್ಕೆ ಬೀಳಬೇಕಿತ್ತು. ಅದರ ಪಾಲು 4.023 ಇದ್ದದ್ದು 4.079 ಆಯಿತು. ಮಹಾರಾಷ್ಟ್ರ ಬಡ ರಾಜ್ಯವಲ್ಲ, ಆದರೂ ಅದರ ಪಾಲು 5.521ರಿಂದ 6.317ಕ್ಕೆ ಏರಿತು. ಉತ್ತರಪ್ರದೇಶದ ಪಾಲು 17.959ರಿಂದ 17.939ಕ್ಕೆ ಕೂದಲೆಳೆಯಷ್ಟು ಇಳಿದಿದೆ. ಬಿಹಾರದ್ದು 9.665ರಿಂದ 10.058ಕ್ಕೆ ಏರಿದೆ. ನಡುವೆ ಜಮ್ಮು ಮತ್ತು ಕಾಶ್ಮೀರ ರಾಜ್ಯಗಳ ಪಟ್ಟಿಯಿಂದ ಹೊರಬಿದ್ದದ್ದರಿಂದ ಅದರ 1.854ರಷ್ಟು ಪಾಲು ಉಳಿದವರಲ್ಲಿ ಹಂಚಿಹೋಯಿತು. ಹಾಗಾಗಿ ಸಣ್ಣ ಏರಿಕೆಗಳನ್ನು ಏರಿಕೆ ಎಂದು ಹಿಡಿಯುವಂತಿಲ್ಲ, ತಮಿಳುನಾಡು ಇದ್ದಲ್ಲೇ ಇದೆ ಎಂದು ತಿಳಿಯಿರಿ. ಅದನ್ನು ಕಳೆದರೂ ಚಿತ್ರ ಸ್ಪಷ್ಟ: ದಕ್ಷಿಣ, ಉತ್ತರ ಎಂಬ ಗೆರೆ ಈ ಪಟ್ಟಿಯಲ್ಲಿ ಕಾಣುವುದಿಲ್ಲ. ಕೇರಳ, ತೆಲಂಗಾಣ, ಕರ್ನಾಟಕ ಬಿದ್ದಿವೆ, ಆದರೆ ಕೇವಲ ದಕ್ಷಿಣದಲ್ಲಿದ್ದುದಕ್ಕೆ ಬಿದ್ದದ್ದಲ್ಲ.

ಜನಸಂಖ್ಯೆಯ ಲೆಕ್ಕ ಇನ್ನೂ ನೇರ. ಹಳೆಯ ಸೂತ್ರ ಹೆಚ್ಚಾಗಿ 1971ರ ಜನಗಣತಿಯನ್ನು ಆಧರಿಸಿತ್ತು. ಅಂದು ಕರ್ನಾಟಕದ ಜನ ಸುಮಾರು 2.93 ಕೋಟಿ, ದೇಶದ ಶೇ 5.35. 2011ರಲ್ಲಿ 6.11 ಕೋಟಿ, ಶೇ 5.05. ಈ ಬದಲಾವಣೆಯಿಂದ ನಮ್ಮ ಜನಸಂಖ್ಯೆಯ ತೂಕ ನೂರಕ್ಕೆ ಆರರಷ್ಟು ಕುಗ್ಗಿತು. ಪಾಲು ಕುಗ್ಗಿದ್ದು ನೂರಕ್ಕೆ ಇಪ್ಪತ್ತಮೂರರಷ್ಟು. ಆರರಿಂದ ಇಪ್ಪತ್ತಮೂರನ್ನು ವಿವರಿಸಲಾಗದು. ಉಳಿದದ್ದು ಎಲ್ಲಿ ಹೋಯಿತು?

ಉತ್ತರ 'ಆದಾಯ ಅಂತರ' ಎಂಬ ಆ 45 ಅಂಕದೊಳಗಿದೆ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗಬೇಕು, ಯಾಕೆಂದರೆ ರಾಜ್ಯದ ಸಭೆ, ಭಾಷಣ, ಸಂಪಾದಕೀಯಗಳಲ್ಲಿ ನಾನು ಕಾಣದೇ ಹೋದ ಭಾಗ ಇದು.

ಆಯೋಗ ಮೂರು ವರ್ಷದ ಸರಾಸರಿ ತಲಾ ಉತ್ಪನ್ನ ತೆಗೆದುಕೊಂಡಿತು, 2016-17ರಿಂದ 2018-19. ಗೋವಾ, ಸಿಕ್ಕಿಂ ತೀರ ಪುಟ್ಟ ರಾಜ್ಯಗಳಾದ್ದರಿಂದ ಅವನ್ನು ಬದಿಗಿಟ್ಟು ಹರಿಯಾಣವನ್ನು ಮೇಲ್ತುದಿಯ ಗುರುತಾಗಿ ಇಟ್ಟುಕೊಂಡಿತು. ಒಂದು ರಾಜ್ಯದ ತಲಾ ಆದಾಯ ಆ ಗುರುತಿಗಿಂತ ಎಷ್ಟು ಕೆಳಗಿದೆ ಎಂದು ಕಳೆದು, ಆ ಅಂತರವನ್ನು ಅಲ್ಲಿನ ಜನಸಂಖ್ಯೆಯಿಂದ ಗುಣಿಸಿತು. ಆಮೇಲೆ ಎಲ್ಲರ ಗುಣಲಬ್ಧ ಕೂಡಿ ಒಬ್ಬೊಬ್ಬರ ಪಾಲು ತೆಗೆಯಿತು.

ತರಗತಿಯಲ್ಲಿ ನಾನು ಬೋರ್ಡಿನ ಮೇಲೆ ಎರಡು ಕಲ್ಪಿತ ರಾಜ್ಯ ಬರೆಯುತ್ತೇನೆ. 'ಕ' ರಾಜ್ಯದಲ್ಲಿ 6 ಕೋಟಿ ಜನ, 'ಬ' ರಾಜ್ಯದಲ್ಲಿ 10 ಕೋಟಿ. ಮೇಲ್ತುದಿಯ ಗುರುತು 2 ಲಕ್ಷ 20 ಸಾವಿರ ರೂಪಾಯಿ. 'ಬ'ದ ತಲಾ ಆದಾಯ 40 ಸಾವಿರ, ಅದರ ಅಂತರ 1 ಲಕ್ಷ 80 ಸಾವಿರ. 'ಕ'ದ ಆದಾಯ 1 ಲಕ್ಷ 80 ಸಾವಿರ ಎನ್ನಿ, ಅಂತರ 40 ಸಾವಿರ. ಅಂತರಗಳನ್ನು ಲಕ್ಷದಲ್ಲಿ ಬರೆದು ಜನಸಂಖ್ಯೆಯಿಂದ ಗುಣಿಸಿದರೆ 'ಕ'ಕ್ಕೆ 2.4, 'ಬ'ಕ್ಕೆ 18. ಒಟ್ಟು 20.4ರಲ್ಲಿ 'ಕ'ದ ಪಾಲು ಶೇ 11.8.

ಈಗ 'ಕ' ರಾಜ್ಯ ಕಷ್ಟಪಟ್ಟು ಆದಾಯವನ್ನು 2 ಲಕ್ಷಕ್ಕೆ ಏರಿಸಿತು. 'ಬ' ಮತ್ತು ಮೇಲ್ತುದಿ ಇದ್ದಲ್ಲೇ ಇವೆ ಎಂದಿಟ್ಟುಕೊಳ್ಳಿ. 'ಕ'ದ ಅಂತರ 20 ಸಾವಿರಕ್ಕೆ ಇಳಿಯಿತು, ಗುಣಲಬ್ಧ 1.2. ಒಟ್ಟು 19.2ರಲ್ಲಿ ಅದರ ಪಾಲು ಶೇ 6.25. ಆದಾಯ ಏರಿದ್ದು ನೂರಕ್ಕೆ ಹನ್ನೊಂದು, ಪಾಲು ಬಿದ್ದದ್ದು ಹೆಚ್ಚುಕಡಿಮೆ ಅರ್ಧ.

ಮೊದಲ ಸಲ ಇದನ್ನು ಬಿಡಿಸಿದಾಗ ಒಬ್ಬ ಹುಡುಗ ಎದ್ದು 'ಸರ್, ಲೆಕ್ಕ ತಪ್ಪಿದೆ' ಎಂದ. ಕೈಗೆ ಸೀಮೆಸುಣ್ಣ ಕೊಟ್ಟೆ. ಎರಡು ಸಲ ಬಿಡಿಸಿದ, ಉತ್ತರ ಅದೇ ಬಂತು. ಮೇಲ್ತುದಿಯ ಹತ್ತಿರ ಬಂದಷ್ಟೂ ಉಳಿದ ಅಂತರ ಸಣ್ಣದಾಗುತ್ತದೆ. ಸಣ್ಣ ಅಂತರದಿಂದ ಒಂದಿಷ್ಟು ಕಳೆದರೂ ಅದರ ಬಹುಭಾಗ ಹೋಗಿಬಿಡುತ್ತದೆ. ಬಡ ರಾಜ್ಯ ಅದೇ 20 ಸಾವಿರ ಏರಿದರೆ ಅದರ ಅಂತರ 1 ಲಕ್ಷ 80 ಸಾವಿರದಿಂದ 1 ಲಕ್ಷ 60 ಸಾವಿರಕ್ಕೆ ಬರುತ್ತದೆ, ಏನೂ ಆದಂತೆ ಅನ್ನಿಸುವುದಿಲ್ಲ. ಕರ್ನಾಟಕ ನಿಂತಿರುವುದು ಮೇಲ್ತುದಿಗೆ ಹತ್ತಿರದ ಆ ಇಳಿಜಾರಿನಲ್ಲಿ. ಹದಿನಾಲ್ಕನೇ ಆಯೋಗ ನೋಡಿದ್ದು 2010-11ರಿಂದ 2012-13ರ ಆದಾಯ. ಹದಿನೈದನೆಯದು ನೋಡುವ ಹೊತ್ತಿಗೆ ಆರು ವರ್ಷ ಕಳೆದಿತ್ತು, ಉತ್ಪನ್ನ ಅಳೆಯುವ ಸರಣಿಯ ಮೂಲ ವರ್ಷವೂ 2004-05ರಿಂದ 2011-12ಕ್ಕೆ ಬದಲಾಗಿತ್ತು, ಬೆಂಗಳೂರಿನ ಸೇವಾ ವಲಯ ಬಹಳ ಮೇಲೆ ಹೋಗಿತ್ತು. ಆದಾಯ ಅಂತರದ ಅಂಕವನ್ನು 50ರಿಂದ 45ಕ್ಕೆ ಇಳಿಸಿದರೂ ಕರ್ನಾಟಕ ಬಿದ್ದದ್ದು ಈ ಕಾರಣಕ್ಕೆ.

ಇದಕ್ಕೆ ಬೇರೆ ದಾರಿಯೇ ಇಲ್ಲ ಎನ್ನುವವರಿಗೆ ಹಳೆಯ ವರದಿಗಳನ್ನು ತೋರಿಸಬೇಕು. ಎಂಟನೇ ಆಯೋಗ ಅಂತರದ ಜೊತೆಗೆ 'ವಿಲೋಮ ಆದಾಯ'ವನ್ನೂ ಬಳಸಿತ್ತು. ಅಲ್ಲಿ ಕಳೆಯುವುದಿಲ್ಲ, ಜನಸಂಖ್ಯೆಯನ್ನು ತಲಾ ಆದಾಯದಿಂದ ಭಾಗಿಸುತ್ತಾರೆ. ನಮ್ಮ ಎರಡು ರಾಜ್ಯಗಳನ್ನೇ ಅದರಲ್ಲಿ ಹಾಕಿ ನೋಡಿ. ಆರಂಭದಲ್ಲಿ 'ಕ'ಕ್ಕೆ 6 ಭಾಗಿಸು 1.8, ಅಂದರೆ 3.33, 'ಬ'ಕ್ಕೆ 10 ಭಾಗಿಸು 0.4, ಅಂದರೆ 25. 'ಕ'ದ ಪಾಲು ಇಲ್ಲೂ ಶೇ 11.8. ಆದಾಯ 2 ಲಕ್ಷಕ್ಕೆ ಏರಿದ ಮೇಲೆ 3 ಮತ್ತು 25, ಪಾಲು ಶೇ 10.7. ಬಡ ರಾಜ್ಯ ಸಿಂಹಪಾಲು ಪಡೆಯುವುದು ಎರಡರಲ್ಲೂ ಇದೆ. ಆದರೆ ಮೊದಲನೆಯದು ಬೆಳೆದ ರಾಜ್ಯವನ್ನು ಪ್ರಪಾತಕ್ಕೆ ತಳ್ಳುತ್ತದೆ, ಎರಡನೆಯದು ಮೆಟ್ಟಿಲಿನಿಂದ ಇಳಿಸುತ್ತದೆ. ಕರ್ನಾಟಕ ಆಯೋಗದ ಮುಂದೆ ಇಡಬಹುದಾದ ಗಟ್ಟಿ ವಾದ ಇದು. ಬಿಹಾರದವರ ಬಡತನಕ್ಕೆ ಬೆನ್ನು ತಿರುಗಿಸದೆ, ಗಣಿತದ ದೋಷ ತೋರಿಸಿ ಕೇಳಬಹುದಾದ ನ್ಯಾಯ ಇದು. ಹದಿನೈದು ಪೈಸೆಯ ಗದ್ದಲದಲ್ಲಿ ಇದು ಯಾರ ಕಿವಿಗೂ ಬೀಳುತ್ತಿಲ್ಲ, ಅದೇ ನನ್ನ ಸಂಕಟ.

'ನನ್ನ ತೆರಿಗೆ ನನ್ನ ಹಕ್ಕು' ಎಂಬ ವಾದವನ್ನು ರಾಜ್ಯದ ಗಡಿಯೊಳಗೆ ಓಡಿಸಿ ನೋಡಿದರೆ ಏನಾಗುತ್ತದೆ? ರಾಜ್ಯದ ಉತ್ಪನ್ನದಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಬೆಂಗಳೂರು ನಗರ ಜಿಲ್ಲೆಯೊಂದರದೇ. ಹಾಗಾದರೆ ಬೆಂಗಳೂರಿನ ತೆರಿಗೆ ಬೆಂಗಳೂರಿಗೆ ಎಂದು ಒಪ್ಪಬೇಕು. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 175 ತಾಲ್ಲೂಕುಗಳನ್ನು ಅಳೆದು 114 ಹಿಂದುಳಿದಿವೆ ಎಂದಿತು, ಅದರಲ್ಲಿ 39 ಅತ್ಯಂತ ಹಿಂದುಳಿದವು. ಹಿಂದುಳಿದವಕ್ಕೆ ಹೆಚ್ಚು ಹಣ ಹರಿಸಿ ಎಂದು ಅದು ಹೇಳಿದ್ದು ಹಣಕಾಸು ಆಯೋಗದ ತತ್ವವನ್ನೇ. ಕಲ್ಯಾಣ ಕರ್ನಾಟಕಕ್ಕೆ 371ಜೆ ಬಂದಾಗ ನಾವೆಲ್ಲ ಸಂತೋಷಪಟ್ಟದ್ದೂ ಆ ತತ್ವಕ್ಕೇ. ನನ್ನ ತರಗತಿಯಲ್ಲಿ ಯಾದಗಿರಿ ಜಿಲ್ಲೆಯಿಂದ ಬಂದ ಒಬ್ಬ ವಿದ್ಯಾರ್ಥಿನಿ ಇದ್ದಳು. ಹದಿನೈದು ಪೈಸೆಯ ಚರ್ಚೆ ಕಾವೇರಿದಾಗ ಅವಳು ಕೇಳಿದ್ದು ಒಂದೇ ಮಾತು: 'ನಮ್ಮ ಜಿಲ್ಲಾದಿಂದ ಎಷ್ಟು ತೆರಿಗಿ ಹೋಗ್ತದ್ರೀ ಸರ್? ಅಷ್ಟ ಕೊಟ್ರ ನಮ್ ಶಾಲಿ ನಡೀತಾವೇನ್ರೀ?' ಉಳಿದವರು ಉತ್ತರ ಕೊಡಲಿಲ್ಲ. ನನಗೂ ಅವರನ್ನು ಒತ್ತಾಯಿಸಬೇಕು ಅನ್ನಿಸಲಿಲ್ಲ.

ಅವಳ ಪ್ರಶ್ನೆಯಲ್ಲಿ ಇನ್ನೊಂದು ಸಂಗತಿಯೂ ಇದೆ. ಸೂತ್ರ ಇಡೀ ರಾಜ್ಯದ ಸರಾಸರಿಯನ್ನಷ್ಟೇ ನೋಡುತ್ತದೆ. ಬೆಂಗಳೂರಿನ ಆದಾಯ ಸರಾಸರಿಯನ್ನು ಎತ್ತುತ್ತದೆ, ಆ ಎತ್ತರಕ್ಕೆ ಪಾಲು ಕಡಿತವಾಗುತ್ತದೆ, ಕಡಿತದ ಬಿಸಿ ತಟ್ಟುವುದು ಯಾದಗಿರಿಗೆ. ರಾಜ್ಯದೊಳಗಿನ ಅಂತರವನ್ನೂ ಅಳೆಯಿರಿ ಎಂದು ಕೇಳಲು ಇದು ಒಳ್ಳೆಯ ಆಧಾರ. ಆದರೆ ಸಂಗ್ರಹಿಸಿದವರಿಗೇ ಸಿಗಬೇಕು ಎಂದು ಕೂಗುವವರ ಬಾಯಲ್ಲಿ ಈ ಮಾತು ಬರಲಾರದು. ಬಂದರೆ ಅವರ ವಾದವೇ ಕುಸಿಯುತ್ತದೆ.

ವಂತಿಗೆಗೆ ಏನೂ ಬೆಲೆ ಇಲ್ಲವೇ ಎಂದು ಕೇಳುವವರಿದ್ದಾರೆ. ಆ ಪ್ರಶ್ನೆಯಲ್ಲಿ ಹುರುಳಿದೆ. ದೇಶದ ಉತ್ಪನ್ನಕ್ಕೆ ರಾಜ್ಯ ಎಷ್ಟು ಸೇರಿಸುತ್ತದೆ ಎಂಬುದಕ್ಕೆ ಒಂದಿಷ್ಟು ಅಂಕ ಕೊಡುವುದು ತಪ್ಪಲ್ಲ, ಅದನ್ನು ಅಳೆಯಲು ಒಪ್ಪಿತ ವಿಧಾನವೂ ಇದೆ. ಚಲನ್ ಎಲ್ಲಿ ಕಟ್ಟಿದರು ಎಂಬುದಕ್ಕಿಂತ ಅದು ನೂರು ಪಾಲು ಪ್ರಾಮಾಣಿಕ ಅಳತೆ. ಕೇಳುವುದಾದರೆ ಅದನ್ನು ಕೇಳೋಣ.

ಇಷ್ಟಾದರೂ ಸೂತ್ರವೇ ಎಲ್ಲಕ್ಕಿಂತ ದೊಡ್ಡ ತೂತು ಎಂದು ನಾನು ಒಪ್ಪುವುದಿಲ್ಲ. ಸೂತ್ರ ಹಂಚುವುದು ಪಾತ್ರೆಯಲ್ಲಿದ್ದುದನ್ನು ಮಾತ್ರ. ಪಾತ್ರೆಗೆ ಬೀಳದೆ ಹೊರಗೇ ಹರಿದುಹೋಗುವ ಹಣದ ಹೆಸರು ಸೆಸ್ ಮತ್ತು ಸರ್‌ಚಾರ್ಜ್. ಸಂವಿಧಾನದ 270ನೇ ವಿಧಿಯ ಪ್ರಕಾರ ಇವನ್ನು ರಾಜ್ಯಗಳೊಂದಿಗೆ ಹಂಚಬೇಕಿಲ್ಲ. ಕೇಂದ್ರದ ಒಟ್ಟು ತೆರಿಗೆಯಲ್ಲಿ ಇವುಗಳ ಪಾಲು 2011-12ರಲ್ಲಿ ನೂರಕ್ಕೆ ಹತ್ತರ ಆಸುಪಾಸಿತ್ತು. 2020-21ರ ಹೊತ್ತಿಗೆ ಇಪ್ಪತ್ತರ ಹತ್ತಿರ ಬಂತು. ಶೇ 41 ಎಂದು ವರದಿಯಲ್ಲಿ ಬರೆದಿದ್ದರೂ ಒಟ್ಟು ತೆರಿಗೆಯ ಮೇಲೆ ಲೆಕ್ಕ ಹಾಕಿದರೆ ರಾಜ್ಯಗಳಿಗೆ ಸಿಗುವುದು ಅದಕ್ಕಿಂತ ಬಹಳ ಕಡಿಮೆ ಆಗುವುದು ಇದಕ್ಕೇ.

ಆಯೋಗ ತಾನೇ ಕಂಡುಕೊಂಡ ಅನ್ಯಾಯಕ್ಕೆ ಸೂಚಿಸಿದ ಪರಿಹಾರವೂ ಕೈಗೆ ಬರಲಿಲ್ಲ. 2020-21ರಲ್ಲಿ ಹಿಂದಿನ ವರ್ಷಕ್ಕಿಂತ ಕಡಿಮೆ ಸಿಗುವ ಮೂರು ರಾಜ್ಯಗಳಿಗೆ ವಿಶೇಷ ಅನುದಾನ ಕೊಡಿ ಎಂದು ಅದು ಶಿಫಾರಸು ಮಾಡಿತು. ಕರ್ನಾಟಕಕ್ಕೆ 5,495 ಕೋಟಿ, ಉಳಿದದ್ದು ತೆಲಂಗಾಣ ಮತ್ತು ಮಿಜೋರಾಂಗೆ. ಕೇಂದ್ರ ಸರ್ಕಾರ ಅದನ್ನು ಒಪ್ಪಲಿಲ್ಲ. ರಾಜ್ಯದ ಪ್ರತಿ ಮನವಿಯ ಮೊದಲ ಸಾಲಿನಲ್ಲಿ ಇರಬೇಕಾದ ಅಂಕಿ ಇದು. ಆಯೋಗವೇ ಬರೆದದ್ದು, ಯಾರೂ ಅಲ್ಲಗಳೆಯುವಂತಿಲ್ಲ.

ಸೂತ್ರ ಮತ್ತು ಪಾತ್ರೆ, ಇವೆರಡರಲ್ಲಿ ಯಾವುದು ದೊಡ್ಡದು ಎಂದು ತೋರಿಸಲು ಪಾಠದ ಕೊನೆಯ ದಿನ ಒಂದು ಲೀಟರ್ ಪೆಟ್ರೋಲ್ ತೆಗೆದುಕೊಳ್ಳುತ್ತೇವೆ. 2021ರ ಫೆಬ್ರವರಿಯ ಬಜೆಟ್ ಆದ ಮೇಲೆ ಲೀಟರ್ ಪೆಟ್ರೋಲಿನ ಮೇಲೆ ಕೇಂದ್ರದ ಸುಂಕ 32 ರೂಪಾಯಿ 90 ಪೈಸೆ ಇತ್ತು. ಅದರಲ್ಲಿ 18 ರೂಪಾಯಿ ರಸ್ತೆ ಮತ್ತು ಮೂಲಸೌಕರ್ಯ ಸೆಸ್, 11 ರೂಪಾಯಿ ವಿಶೇಷ ಹೆಚ್ಚುವರಿ ಸುಂಕ, ಎರಡೂವರೆ ರೂಪಾಯಿ ಕೃಷಿ ಸೆಸ್. ರಾಜ್ಯಗಳೊಂದಿಗೆ ಹಂಚಬೇಕಿದ್ದ ಮೂಲ ಸುಂಕ 1 ರೂಪಾಯಿ 40 ಪೈಸೆ. ಅದರ ಶೇ 41 ಎಂದರೆ 57 ಪೈಸೆ, ಎಲ್ಲ ರಾಜ್ಯಗಳಿಗೂ ಸೇರಿ. ಅದರಲ್ಲಿ ಕರ್ನಾಟಕದ ಶೇ 3.647 ಎಂದರೆ ಎರಡು ಪೈಸೆ. ಹಳೆಯ 4.713ನ್ನು ನಮಗೆ ಆಗಲೇ ವಾಪಸ್ ಕೊಟ್ಟಿದ್ದರೂ ಅದು 2.7 ಪೈಸೆ ಆಗುತ್ತಿತ್ತು. ಸೂತ್ರವನ್ನು ಇದ್ದಂತೆಯೇ ಬಿಟ್ಟು, 32 ರೂಪಾಯಿ 90 ಪೈಸೆಯನ್ನೂ ಪಾತ್ರೆಗೆ ಹಾಕಿಸಿದ್ದರೆ 49 ಪೈಸೆ. ಸೆಸ್‌ನ ಹಣದಿಂದ ಕೇಂದ್ರ ನಮ್ಮಲ್ಲೂ ರಸ್ತೆ ಮಾಡುತ್ತದೆ, ನಿಜ. ಆದರೆ ಯಾವ ರಸ್ತೆ ಎಂದು ತೀರ್ಮಾನಿಸುವುದು ಕೇಂದ್ರವೇ. ಈ ಲೆಕ್ಕ ಮುಗಿದ ಮೇಲೆ ಬೋರ್ಡಿನಲ್ಲಿ ಮೂರು ಅಂಕಿ ಉಳಿದಿರುತ್ತವೆ: 2, 2.7, 49. 49ರ ಹೊರಗೆ ನಿಂತು, 2.7ಕ್ಕಾಗಿ ನಾವು ಬಿಹಾರದವರ ಜೊತೆ ಜಗಳ ಆಡುತ್ತಿದ್ದೇವೆ.